ಮಿಸ್ಟ್ ಮಿಸ್ ಆಗದಂತೆ ಕನ್ನಡಕ್ಕೆ ತರುವುದು ಹೇಗೆ?

ಮಡಿಕೇರಿ ಕಡೆಯ ಹೋಮ್‌ಸ್ಟೇ ಬ್ರೋಷರ್‌ಗಳನ್ನು ನೋಡಿ. ಇಂಗ್ಲಿಷ್ ಸಾಲು ಚುರುಕಾಗಿರುತ್ತದೆ, ಕನ್ನಡದ್ದು ಸರ್ಕಾರಿ ಸುತ್ತೋಲೆ ಥರ. 'ಡೋಂಟ್ ಮಿಸ್ ದ ಮಿಸ್ಟ್' ಅನ್ನೋದನ್ನು 'ಮಂಜನ್ನು ತಪ್ಪಿಸಿಕೊಳ್ಳಬೇಡಿ' ಎಂದು ಬರೆದುಬಿಡುತ್ತಾರೆ. ನಾವು ತಪ್ಪಿಸಿಕೊಳ್ಳೋದು ಕ್ಲಾಸು, ಕೆಲಸ, ಸಾಲಗಾರ ಇಂಥವನ್ನು. ಮಂಜು ಬಂದರೆ ಓಡಬೇಡಿ ಅಂದ ಹಾಗಾಯಿತು, ಅಲ್ವಾ?

ಮೊದಲು, ಸಾಲು ಏನು ಹೇಳುತ್ತಿದೆ ಎಂದು ಸಾದಾ ಮಾತಲ್ಲಿ ಬರೆದುಕೊಳ್ಳಿ: ಮಂಜು ಜಾಸ್ತಿ ಹೊತ್ತು ಇರಲ್ಲ, ಬೇಗ ಬನ್ನಿ. ಜೊತೆಗೆ ಒಂದೇ ಥರ ಕೇಳಿಸುವ ಎರಡು ಪದಗಳ ಆಟ ಇದೆ ಎಂದೂ ಗುರುತು ಹಾಕಿ. ಆಮೇಲೆ ಇಂಗ್ಲಿಷ್ ಹಾಳೆಯನ್ನು ಮಗುಚಿಡಿ.

ಎಡವುವುದು ಇಲ್ಲಿಂದ ಮುಂದೆ. ಮಿಸ್, ಮಿಸ್ಟ್‌ಗೆ ಕನ್ನಡದ ಜೋಡಿ ಹುಡುಕಬೇಡಿ, ಸಿಗುವುದಿಲ್ಲ. ಬೇಕಾಗಿರುವುದು ಆ ಪದಗಳಲ್ಲ, ಸದ್ದಿನ ಆಟ. ಅದಕ್ಕೆ ನಮ್ಮಲ್ಲೇ ಆದಿಪ್ರಾಸ ಇದೆ: ಎರಡನೆಯ ಅಕ್ಷರದ ವ್ಯಂಜನ ಸಾಲುಸಾಲಿಗೆ ಮರಳಿ ಬರುವುದು. 'ಮಂಜು' ಬರೆದು ಅದರ ಸುತ್ತ ಆ ಜಾಗದ ಪದಗಳನ್ನು ಪಟ್ಟಿ ಮಾಡಿ: ಬೆಟ್ಟ, ಚಳಿ, ಕಾಫಿ, ಮುಂಜಾನೆ. ಈಗ ಬಾಯಿಬಿಟ್ಟು ಹೇಳಿ. ಮಂಜು, ಮುಂಜಾನೆ ಎರಡರಲ್ಲೂ ಎರಡನೆಯ ಅಕ್ಷರ 'ಜ'ಕಾರ. ಬೇಗ ಬನ್ನಿ ಅನ್ನಲು 'ಮುಂಚೆ' ಇದೆ, ಅದೂ ಹತ್ತಿರದ ಸದ್ದು. ಕೂಡಿಸಿದರೆ:

ಮುಂಜಾನೆ ಬನ್ನಿ,
ಮಂಜು ಕರಗೋ ಮುಂಚೆ.

'ಕರಗುವ ಮುನ್ನ' ಎಂದು ತಿದ್ದಲು ಯಾರಾದರೂ ಬಂದರೆ ಬಿಡಬೇಡಿ. ವ್ಯಾಕರಣ ಸರಿ, ಸದ್ದು ಹೋಯಿತು. 'ಕೊಡಗಿನ ಕೊಡುಗೆ' ಥರದ ಪ್ರಾಸವೂ ಬೇಡ, ಅದು ಸವೆದು ಹೋಗಿದೆ. 'ಭಾರತದ ಸ್ಕಾಟ್ಲೆಂಡ್' ಅನ್ನು ನಾನಂತೂ ಕನ್ನಡದಲ್ಲಿ ಹಾಕುವುದೇ ಇಲ್ಲ. ಹಾಸನದಿಂದ ಬರುವವರಿಗೆ ಸ್ಕಾಟ್ಲೆಂಡ್ ಹೇಳಿ ಕೊಡಗನ್ನು ತಿಳಿಸೋದು ಯಾಕೆ?

ಸಾಲು ನಿಜವೇ ಎಂದೂ ನೋಡಿ. ಚಳಿಗಾಲದ ಮಾಂದಲಪಟ್ಟಿ ಫೋಟೊದ ಕೆಳಗೆ ಇದು ಸರಿ, ಬಿಸಿಲೇರಿದಂತೆ ಮಂಜು ಕರಗುತ್ತದೆ. ಜುಲೈ ತಿಂಗಳ ಆಫರ್‌ಗೆ ಹಾಕಬೇಡಿ. ಆಗ ಮಧ್ಯಾಹ್ನಕ್ಕೂ ಮಂಜು ಕರಗದ ದಿನಗಳಿರುತ್ತವೆ, ಆರಕ್ಕೇ ಎದ್ದು ಬಂದವರು ಸುಮ್ನೆ ಬೈಯುತ್ತಾರೆ.

ಕೆಲವು ಸಾಲಿಗೆ ಏನು ಮಾಡಿದರೂ ಆಟ ಕೂಡಿ ಬರುವುದಿಲ್ಲ. ಅಲ್ಲಿ ಅರ್ಥವನ್ನು ನೇರವಾಗಿ ಬರೆದು, ಆಟವನ್ನು ಬೇರೆ ಫೋಟೊದ ಅಡಿಬರಹಕ್ಕೆ ಸಾಗಿಸಿ. ಅದೇ ಪುಟದಲ್ಲೇ ಬರಬೇಕೆಂದೇನಿಲ್ಲ.

ಮುಗಿದ ಮೇಲೆ, ಇಂಗ್ಲಿಷ್ ನೋಡದ ಒಬ್ಬರಿಗೆ ಕನ್ನಡ ಸಾಲು ಮಾತ್ರ ಓದಿ ಹೇಳಿ. 'ಏನು ಹೇಳ್ತಿದೆ?' ಎಂದು ಕೇಳಿ. 'ಬೆಳಿಗ್ಗೆ ಬೇಗ ಹೋಗಬೇಕು' ಅಂದರೆ ಪಾಸು. 'ಇದರ ಇಂಗ್ಲಿಷ್ ಏನು?' ಅಂದರೆ ಮತ್ತೆ ಪಟ್ಟಿಗೆ ಮರಳಿ.

ಕೊನೆಗೆ ಪ್ರೆಸ್‌ನಿಂದ ಪಿಡಿಎಫ್ ತರಿಸಿ ನೋಡಿ. ಹಳೆಯ ಫಾಂಟ್‌ಗೆ ಯುನಿಕೋಡ್ ಸಾಲು ಅಂಟಿಸಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಸಾಲುಗಳ ನಡುವೆ ಜಾಗ ಕಮ್ಮಿ ಕೊಟ್ಟಿದ್ದರೆ 'ಬನ್ನಿ'ಯ ಒತ್ತಕ್ಷರ ಕೆಳಗಿನ ಸಾಲಿನ ಮೇಲೆ ಕೂತಿರುತ್ತದೆ.