ಹಾಟ್‌ಸ್ಪಾಟ್ ಕನೆಕ್ಟ್ ಆಗತ್ತೆ ಆದ್ರೆ ನೆಟ್ ಬರಲ್ಲ: ಅಮೆರಿಕಾಗೆ ಹೊಸದಾಗಿ ಬಂದೋರು ಇದನ್ನ ಓದ್ಕೊಳ್ಳಿ

ಹೊಸ ಅಪಾರ್ಟ್‌ಮೆಂಟ್‌ಗೆ ಬಂದು, ಮನೆ ಇಂಟರ್ನೆಟ್ ಹಾಕೋಕೆ ಇನ್ನೂ ಒಂದು ವಾರ ಆಗತ್ತೆ ಅಂತ ಗೊತ್ತಾದ್ರೆ ಎಲ್ರೂ ಮಾಡೋದು ಒಂದೇ, ಊರಲ್ಲಿ ಮಾಡ್ತಿದ್ದ ಹಾಗೇ ಫೋನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಕನೆಕ್ಟ್ ಮಾಡ್ತಾರೆ. ಕನೆಕ್ಟ್ ಏನೋ ಆಗತ್ತೆ, ಪಾಸ್‌ವರ್ಡೂ ತಗೊಳತ್ತೆ, ಆದ್ರೆ ಒಂದು ಪೇಜೂ ಓಪನ್ ಆಗಲ್ಲ. ಇಂಡಿಯಾದಲ್ಲಿ ರೀಚಾರ್ಜ್ ಮಾಡಿದ್ ಡೇಟಾನ ಫೋನಲ್ಲಾದ್ರೂ ಖರ್ಚು ಮಾಡಿ, ಹಾಟ್‌ಸ್ಪಾಟಲ್ಲಾದ್ರೂ ಮಾಡಿ, ಸಾಮಾನ್ಯವಾಗಿ ಯಾರೂ ಕೇಳಲ್ಲ. ಇಲ್ಲಿ ಹಾಗಲ್ಲ. ಅಮೆರಿಕಾದ ಎಷ್ಟೋ ಕಡಿಮೆ ರೇಟಿನ ಪ್ರೀಪೇಯ್ಡ್ ಪ್ಲ್ಯಾನ್‌ಗಳಲ್ಲಿ ಹಾಟ್‌ಸ್ಪಾಟ್ ಸೇರೇ ಇರಲ್ಲ, "ಅನ್‌ಲಿಮಿಟೆಡ್" ಅಂತ ದೊಡ್ಡದಾಗಿ ಬರೆದಿದ್ರೂ ಅದು ಫೋನೊಳಗಿನ ಬಳಕೆಗೆ ಮಾತ್ರ.

ಡಾಲಸ್ ಹತ್ರ ಎಂಎಸ್‌ಗೆ ಬಂದಿರೋ ನಮ್ಮ ಕಡೆ ಹುಡುಗ ಒಬ್ಬನಿಗೆ ಇದೇ ಆಯ್ತು. ಬೆಂಗಳೂರಲ್ಲಿ ತಗೊಂಡ ಆಂಡ್ರಾಯ್ಡ್ ಫೋನು, ಇಲ್ಲಿ ಒಂದು ಸಣ್ಣ ಕಂಪನಿಯ ಪ್ರೀಪೇಯ್ಡ್ ಸಿಮ್. ಲ್ಯಾಪ್‌ಟಾಪಲ್ಲಿ `No internet, secured` ಅಂತ ಬರ್ತಿತ್ತು. ಪಾಪ, ಹಾಟ್‌ಸ್ಪಾಟ್ ಪಾಸ್‌ವರ್ಡ್ ಬದಲಾಯಿಸಿದ, ವೈಫೈ ಡ್ರೈವರ್ ತೆಗೆದು ಮತ್ತೆ ಹಾಕ್ದ, ಫೋನ್ ರೀಸೆಟ್ ಮಾಡೋಕೂ ಹೊರಟಿದ್ದ, ಅದರಲ್ಲಿ ಬ್ಯಾಂಕ್ ಆಪ್‌ಗಳೆಲ್ಲ ಇತ್ತು, ಅಷ್ಟ್ರಲ್ಲಿ ಫೋನ್ ಮಾಡಿದ್ದು ಒಳ್ಳೇದಾಯ್ತು. ಅವನಿಗೆ ಹೇಳಿದ್ ಕ್ರಮನೇ ನಿಮಗೂ ಹೇಳ್ತೀನಿ.

ಮೊದಲು ತಿಳ್ಕೋಬೇಕಾದ್ದು, ಹಾಟ್‌ಸ್ಪಾಟ್ ಅಂದ್ರೆ ಎರಡು ಬೇರೆ ಬೇರೆ ದಾರಿ. ಲ್ಯಾಪ್‌ಟಾಪಿಂದ ಫೋನಿಗೆ ಒಂದು, ಫೋನಿಂದ ಕಂಪನಿ ನೆಟ್‌ವರ್ಕಿಗೆ ಇನ್ನೊಂದು. "ಕನೆಕ್ಟೆಡ್" ಅಂತ ತೋರ್ಸೋದು ಮೊದಲನೇ ದಾರಿ ಸರಿ ಇದೆ ಅಂತ ಅಷ್ಟೇ. ಅದಕ್ಕೇ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದ್ರೂ ಏನೂ ಆಗಲ್ಲ.

ಹಾಗಾಗಿ ಮೊದಲು ಫೋನಲ್ಲಿ ವೈಫೈ ಆಫ್ ಮಾಡಿ, ಬರೀ ಮೊಬೈಲ್ ಡೇಟಾದಲ್ಲಿ ಒಂದು ಪೇಜ್ ತೆಗೀರಿ. ಓಟಿಪಿಗೆ ಅಂತ ಊರಿನ ಸಿಮ್ ಕೂಡ ಫೋನಲ್ಲೇ ಇಟ್ಕೊಂಡಿರ್ತೀರಲ್ಲ, ಡೇಟಾ ಯಾವ ಸಿಮ್ ಮೇಲಿದೆ ಅಂತ ನೋಡಿ, ಹಾಟ್‌ಸ್ಪಾಟ್ ಹೋಗೋದು ಡೇಟಾಗೆ ಆರಿಸಿರೋ ಸಿಮ್ಮಿಂದಾನೇ. ಅದು ಊರಿನ ಸಿಮ್ ಆಗಿದ್ರೆ ತೊಂದರೆ ಅಲ್ಲೇ ಸಿಕ್ತು. ಇಲ್ಲಿನ ಸಿಮ್ಮಲ್ಲಿ ಪೇಜ್ ಓಪನ್ ಆದ್ರೆ ಈಗ ಲ್ಯಾಪ್‌ಟಾಪಿಗೆ ಬನ್ನಿ, ವಿಂಡೋಸಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನ ಹೊಡೀರಿ:

```
ipconfig
ping 8.8.8.8
```

ಮೊದಲನೇದರಲ್ಲಿ ವೈಫೈ ಕೆಳಗಡೆ ಇರೋ ಅಡ್ರೆಸ್ `169.254` ಇಂದ ಶುರುವಾದ್ರೆ ಫೋನು ಲ್ಯಾಪ್‌ಟಾಪಿಗೆ ಅಡ್ರೆಸ್ಸೇ ಕೊಟ್ಟಿಲ್ಲ, ಅದು ಫೋನ್ ಲ್ಯಾಪ್‌ಟಾಪ್ ಮಧ್ಯದ ಜಗಳ, ಎರಡನ್ನೂ ರೀಸ್ಟಾರ್ಟ್ ಮಾಡಿ ನೋಡಿ, ಕಂಪನಿ ಮೇಲೆ ಹಾಕ್ಬೇಡಿ. `192.168` ಅಂತಾನೋ, ಐಫೋನಾದ್ರೆ `172.20.10` ಅಂತಾನೋ ಬಂದ್ರೆ ಆ ದಾರಿ ಸರಿಯಿದೆ. ಆಮೇಲೆ `ping` ನೋಡಿ. ಅಡ್ರೆಸ್ ಸರಿಯಿದ್ದು, ಫೋನಲ್ಲಿ ನೆಟ್ ಬರ್ತಿದ್ದು, ಇದು ಮಾತ್ರ `Request timed out` ಅಂದ್ರೆ ಫೋನಿನ ಆಚೆ ಯಾರೋ ತಡೀತಿದ್ದಾರೆ ಅನ್ನೋ ಅನುಮಾನ ಗಟ್ಟಿಯಾಯ್ತು. ಹುಡುಗನಿಗೆ ಬಂದಿದ್ದು ಇದೇ. ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿದ್ರೂ ಅದೇ ಕಥೆ, ಅಲ್ಲಿಗೆ ವೈಫೈದು ತಪ್ಪಲ್ಲ ಅಂತ ಗೊತ್ತಾಯ್ತು.

ಬ್ರೌಸರಲ್ಲಿ `http://neverssl.com` ಅಂತ ಹೊಡೆದು ನೋಡೋದೂ ಒಳ್ಳೇದು. ಕೆಲವು ಕಂಪನಿಗಳು ಸುಮ್ನೆ ತಡೆದುಬಿಡೋ ಬದಲು ಹಾಟ್‌ಸ್ಪಾಟ್ ಸೇರಿಸ್ಕೊಳ್ಳಿ ಅನ್ನೋ ತಮ್ಮದೇ ಪೇಜಿಗೆ ಕಳಿಸ್ತವೆ, ಆ ಪೇಜ್ `https` ಇಂದ ಶುರುವಾಗೋ ಸೈಟುಗಳಲ್ಲಿ ಕಾಣಲ್ಲ, ಅಲ್ಲಿ ಬರೀ ಎರರ್ ಬರತ್ತೆ. ಇದರಲ್ಲಿ ಕಂಡ್ರೆ ಮತ್ತೆ ಬೇರೆ ಸಾಕ್ಷಿ ಬೇಡ.

ಕಾಣ್ಲಿಲ್ಲ ಅಂದ್ರೆ ಕೊನೇ ಪರೀಕ್ಷೆ, ಹಾಟ್‌ಸ್ಪಾಟ್ ಇರೋ ಪ್ಲ್ಯಾನಿನ ಸಿಮ್ ಯಾರದ್ದಾದ್ರೂ ಐದು ನಿಮಿಷ ಇಸ್ಕೊಂಡು ನಿಮ್ಮ ಫೋನಿಗೇ ಹಾಕಿ. ಊರಿಂದ ತಂದ ಫೋನುಗಳು ಸಾಮಾನ್ಯವಾಗಿ ಅನ್‌ಲಾಕ್ ಆಗಿರೋದ್ರಿಂದ ಇದು ಸುಲಭ. ರೂಮ್‌ಮೇಟ್ ಸಿಮ್ ಹಾಕಿದ ತಕ್ಷಣ ಹುಡುಗನ ಲ್ಯಾಪ್‌ಟಾಪಲ್ಲಿ ನೆಟ್ ಬಂತು. ಫೋನೂ ಸರಿ, ಲ್ಯಾಪ್‌ಟಾಪೂ ಸರಿ, ತೊಂದರೆ ಸಿಮ್ಮಿನ ಪ್ಲ್ಯಾನಲ್ಲೋ ಅದರ ಸೆಟ್ಟಿಂಗಲ್ಲೋ ಇದೆ ಅಂತ ಆಯ್ತು.

ಹಾಗಾದ್ರೆ ಹಾಟ್‌ಸ್ಪಾಟ್ ಆನ್ ಆಗೋಕಾದ್ರೂ ಯಾಕೆ ಬಿಡ್ತಾರೆ ಅಂತ ಕೇಳ್ಬಹುದು. ಇಲ್ಲಿನ ಕಂಪನಿಯಿಂದಲೇ ತಗೊಂಡ ಫೋನುಗಳು ಎಷ್ಟೋ ಸಲ ಆನ್ ಮಾಡೋಕೆ ಮುಂಚೆನೇ ಈ ಅಕೌಂಟಿಗೆ ಅನುಮತಿ ಇದ್ಯಾ ಅಂತ ಕಂಪನಿನ ಕೇಳ್ತವೆ, ಇಲ್ಲ ಅಂದ್ರೆ ಆನೇ ಆಗಲ್ಲ. ಊರಿಂದ ತಂದ ಫೋನಲ್ಲಿ ಆ ಚೆಕ್ ಎಷ್ಟೋ ಸಲ ನಡೆಯೋದೇ ಇಲ್ಲ, ಬಟನ್ ಆರಾಮಾಗಿ ಆನ್ ಆಗತ್ತೆ, ತಡೆಯೋದು ನೆಟ್‌ವರ್ಕಲ್ಲಿ. ಅಲ್ಲಿ ಗೊತ್ತಾಗೋದು ಹೇಗೆ ಅಂದ್ರೆ, ಡೇಟಾ ಪ್ಯಾಕೆಟ್ ಅನ್ನೋ ಸಣ್ಣ ಸಣ್ಣ ತುಂಡಾಗಿ ಹೋಗತ್ತೆ, ಪ್ರತಿ ಪ್ಯಾಕೆಟ್ಟಿಗೂ ಟಿಟಿಎಲ್ ಅಂತ ಒಂದು ನಂಬರ್ ಇರತ್ತೆ, ಮಧ್ಯೆ ಒಂದೊಂದು ಸಾಧನ ದಾಟಿದಾಗಲೂ ಒಂದು ಕಮ್ಮಿ ಆಗತ್ತೆ. ಫೋನಿಂದಲೇ ಹೊರಟಿದ್ದು 64 ಅಂತ ಹೋದ್ರೆ ವಿಂಡೋಸ್ ಲ್ಯಾಪ್‌ಟಾಪಿಂದ 128 ಆಗಿ ಹೊರಟಿದ್ದು ಫೋನ್ ದಾಟಿ 127 ಆಗಿ ಹೋಗತ್ತೆ. ಗುರುತು ಹಿಡಿಯೋಕೆ ಇರೋ ದಾರಿಗಳಲ್ಲಿ ಇದೊಂದು.

ಇದನ್ನ ಮುಚ್ಚಿಡೋ ಆಪ್‌ಗಳನ್ನ ಯಾರಾದ್ರೂ ಹಾಕ್ಕೊಡ್ತೀನಿ ಅಂದ್ರೆ ದಯವಿಟ್ಟು ಬೇಡ. ಪ್ಲ್ಯಾನಿನ ಷರತ್ತಿಗೆ ವಿರುದ್ಧ, ಲೈನ್ ಕಟ್ ಮಾಡಿದ್ರೆ ಹೊಸದಾಗಿ ಬಂದೋರಿಗೆ ಬ್ಯಾಂಕು, ಯೂನಿವರ್ಸಿಟಿ, ಮನೆ ಲೀಸು ಎಲ್ಲದಕ್ಕೂ ಕೊಟ್ಟಿರೋ ನಂಬರೇ ಹೋಗತ್ತೆ.

ಈಗ ಕಂಪನಿ ಚಾಟಿಗೆ ಹೋಗಿ. "ನೆಟ್ ಬರ್ತಿಲ್ಲ" ಅಂತ ಬರೀಬೇಡಿ, ಅವರು ಫೋನ್ ರೀಸ್ಟಾರ್ಟ್ ಮಾಡಿ ಅಂತ ಶುರು ಮಾಡ್ತಾರೆ. ನನ್ನ ಪ್ಲ್ಯಾನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಇದ್ಯಾ, ಇದ್ರೆ ತಿಂಗಳಿಗೆ ಎಷ್ಟು ಜಿಬಿ, ಮುಗಿದ ಮೇಲೆ ಸ್ಪೀಡ್ ಎಷ್ಟು ಅಂತ ಮೂರೇ ಪ್ರಶ್ನೆ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಇಲ್ಲ ಅಂದ್ರೆ ಸೇರಿಸೋಕೆ ಎಷ್ಟು ಅಂತ ಕೇಳಿ, ಹಾಟ್‌ಸ್ಪಾಟ್ ಇರೋ ಬೇರೆ ಪ್ಲ್ಯಾನಿನ ಜೊತೆ ಹೋಲಿಸಿ. ಹುಡುಗನ ಪ್ಲ್ಯಾನಲ್ಲಿ ಇರಲೇ ಇಲ್ಲ, ಮೇಲಿನ ಪ್ಲ್ಯಾನಿಗೆ ಹೋದ, ಏರೋಪ್ಲೇನ್ ಮೋಡ್ ಆನ್ ಆಫ್ ಮಾಡಿದ ಮೇಲೆ ನೆಟ್ ಬಂತು.

ಪ್ಲ್ಯಾನಲ್ಲಿ ಹಾಟ್‌ಸ್ಪಾಟ್ ಇದೆ ಅಂತ ಹೇಳಿಯೂ ಬರ್ತಿಲ್ಲ ಅಂದ್ರೆ, ಫೋನು ಕಂಪನಿ ನೆಟ್‌ವರ್ಕಿಗೆ ಹೇಗೆ ಸೇರ್ಬೇಕು ಅಂತ ಹೇಳೋ ಎಪಿಎನ್ ಸೆಟ್ಟಿಂಗ್ ನೋಡ್ಬೇಕು. ಊರಿನ ಫೋನಿಗೆ ಇಲ್ಲಿನ ಸಣ್ಣ ಕಂಪನಿಯ ಸೆಟ್ಟಿಂಗ್ ಎಷ್ಟೋ ಸಲ ಪೂರ್ತಿ ಬಂದಿರಲ್ಲ. ಸಿಮ್ ಸೆಟ್ಟಿಂಗ್ಸಲ್ಲಿ `Access Point Names` ತೆಗೆದು `APN type` ಅನ್ನೋ ಸಾಲು ನೋಡಿ, ಹಾಟ್‌ಸ್ಪಾಟಿಗೆ ಇರೋ ಪದ `dun`. ಕಂಪನಿ ಹತ್ರ ಅವರ ಎಪಿಎನ್ ವಿವರ ಪೂರ್ತಿ ಕೇಳಿ ತಗೊಂಡು ಅದೇ ಥರ ತುಂಬಿ, ಬೇರೆ ಕಂಪನಿಯೋರದ್ದು ನೋಡಿ ತುಂಬಿದ್ರೆ ಇರೋ ನೆಟ್ಟೂ ಹೋಗ್ಬಹುದು.

ಅಲ್ಲೀವರೆಗೆ ಸ್ಟೂಡೆಂಟ್ಸಿಗೆ ಎಷ್ಟೋ ಕ್ಯಾಂಪಸ್ಸಲ್ಲಿ `eduroam` ಅನ್ನೋ ವೈಫೈ ಇರತ್ತೆ, ಬೇರೆಯೋರು ಹತ್ರದ ಪಬ್ಲಿಕ್ ಲೈಬ್ರರಿಗೆ ಹೋಗಿ, ಅಲ್ಲಿ ವೈಫೈ ಫ್ರೀ, ಅಮೆರಿಕಾದ ಎಷ್ಟೋ ಲೈಬ್ರರಿಗಳು ಪುಸ್ತಕದ ಹಾಗೆ ಹಾಟ್‌ಸ್ಪಾಟ್ ಸಾಧನಾನೂ ಎರವಲು ಕೊಡ್ತವೆ.

ಹಾಟ್‌ಸ್ಪಾಟ್ ಸಿಕ್ಕ ದಿನವೇ ಲ್ಯಾಪ್‌ಟಾಪಲ್ಲಿ ಆ ವೈಫೈನ ಪ್ರಾಪರ್ಟೀಸಿಗೆ ಹೋಗಿ `Metered connection` ಆನ್ ಮಾಡ್ಬಿಡಿ, ಆಗ ಹೆಚ್ಚಿನ ವಿಂಡೋಸ್ ಅಪ್‌ಡೇಟುಗಳು ತಾವಾಗೇ ಇಳಿಯಲ್ಲ. ಎಷ್ಟೋ ಪ್ಲ್ಯಾನ್‌ಗಳಲ್ಲಿ ಹಾಟ್‌ಸ್ಪಾಟಿನ ಜಿಬಿ ಫೋನಿನ ಡೇಟಾದಿಂದ ಬೇರೆ ಲೆಕ್ಕ, 5 ಜಿಬಿ ಕೊಟ್ಟಿದ್ರೆ ಹೊಸ ಲ್ಯಾಪ್‌ಟಾಪಿನ ಒಂದು ದೊಡ್ಡ ಅಪ್‌ಡೇಟಿಗೇ ಅದರಲ್ಲಿ ಹೆಚ್ಚಿನ ಪಾಲು ಹೋಗತ್ತೆ. ಆಮೇಲೆ ಸ್ಪೀಡ್ 128 ಕೆಬಿಪಿಎಸ್‌ನಂಥ ಮಟ್ಟಕ್ಕೆ ಇಳಿದ್ರೆ ಪೇಜ್ ಓಪನ್ ಆಗದೆ ಮತ್ತೆ ಬ್ಲಾಕ್ ಆಗಿದೆ ಅಂತಾನೇ ಅನ್ಸತ್ತೆ. ಆಗ ಮತ್ತೆ `ping 8.8.8.8` ಹೊಡೀರಿ, ನಿಧಾನಕ್ಕಾದ್ರೂ ಉತ್ತರ ಬರ್ತಿದ್ರೆ ಅದು ಬ್ಲಾಕ್ ಅಲ್ಲ, ಹಾಟ್‌ಸ್ಪಾಟಿನ ಜಿಬಿ ಮುಗಿದಿದೆ.