ಬಾಡಿಗೆ ಬಸ್ಸಿನಲ್ಲಿ ಯಾತ್ರೆ: ಮೊದಲು ಡ್ರೈವರ್ ನಿದ್ದೆ, ಆಮೇಲೆ ದೇವರ ಪಟ್ಟಿ

ಬೀದಿಯವರೋ ನೆಂಟರೋ ನಲವತ್ತು ಮಂದಿ ಸೇರಿ ಬಸ್ ಮಾಡಿಕೊಂಡು ಕರಾವಳಿಯ ದೇವಸ್ಥಾನಗಳಿಗೆ ಹೊರಡುವುದೆಂದರೆ ಮೊದಲು ತಯಾರಾಗುವುದು ದೇವರ ಪಟ್ಟಿ. ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು ಎಂದು ಶುರುವಾಗಿ ಶೃಂಗೇರಿ, ಹೊರನಾಡಿನವರೆಗೆ ಬೆಳೆಯುತ್ತದೆ. ಇಷ್ಟನ್ನೂ ಎರಡು ಹಗಲು, ಮೂರು ರಾತ್ರಿಯಲ್ಲಿ ಮುಗಿಸುವ ಲೆಕ್ಕ ಹಾಕುವವರಿಗೆ ಬಸ್ ಓಡಿಸುವವನು ಮಲಗುವುದು ಯಾವಾಗ ಎನ್ನುವುದು ನೆನಪಾಗುವುದೇ ಇಲ್ಲ. ಲೆಕ್ಕವನ್ನು ತಿರುಗಿಸಿ ಹಾಕಬೇಕು.

ಅಳತೆ ಹೊಸದೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಅದನ್ನು ಹಾಕಿಕೊಟ್ಟಿದ್ದರು. ದಿನಕ್ಕೆ 8 ಗಂಟೆ ಕೆಲಸ, ಸತತ 5 ಗಂಟೆ ದುಡಿಸುವ ಮೊದಲು ಅರ್ಧ ಗಂಟೆಯ ಬಿಡುವು, ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸತತ 9 ಗಂಟೆ ವಿಶ್ರಾಂತಿ. ಬಿಡುವೆಲ್ಲ ಸೇರಿದರೂ ಬೆಳಗಿನಿಂದ ಸಂಜೆಯವರೆಗಿನ ಪಾಳಿ 12 ಗಂಟೆ ದಾಟಬಾರದು. ಯಾತ್ರೆಯ ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಈ ನಾಲ್ಕು ಸಾಲು.

ಗಂಟೆಯನ್ನು ಕಿಲೋಮೀಟರಿಗೆ ಇಳಿಸಿ

ತುಂಬಿದ ಬಸ್ಸು ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 45 ಕಿ.ಮೀ. ಹೋದರೆ ಚೆನ್ನಾಗಿ ಹೋಯಿತೆಂದೇ ಲೆಕ್ಕ. ಘಾಟಿಯಲ್ಲಿ, ಊರೊಳಗಿನ ರಸ್ತೆಯಲ್ಲಿ 30 ಸಿಕ್ಕರೆ ಸಾಕು. ಮೊಬೈಲ್ ನಕ್ಷೆ ತೋರಿಸುವ ಸಮಯ ಕಾರಿನದು. ಅದಕ್ಕೆ ಕಾಲುಭಾಗವಾದರೂ ಸೇರಿಸಿಕೊಳ್ಳಿ. ಹೀಗೆ ನೋಡಿದರೆ ಒಬ್ಬನೇ ಡ್ರೈವರ್ ಇರುವ ಬಸ್ಸಿಗೆ ಹೆದ್ದಾರಿಯೇ ಹೆಚ್ಚಿರುವ ದಿನ 300 ಕಿ.ಮೀ., ಘಾಟಿ, ಊರೊಳಗಿನ ರಸ್ತೆಯೇ ಹೆಚ್ಚಿರುವ ದಿನ 250ರ ಆಸುಪಾಸು ಸರಿಯಾದ ಮಿತಿ. ಬಸ್ಸು ಗ್ಯಾರೇಜಿನಿಂದ ನಿಮ್ಮ ಬೀದಿಗೆ ಬರಲು ಹಿಡಿಯುವ ಸಮಯವೂ ಕೆಲಸದ ಸಮಯವೇ. ನೀವು ಆರಕ್ಕೆ ಹತ್ತುತ್ತೀರಿ, ಅವನು ನಾಲ್ಕಕ್ಕೇ ಎದ್ದಿರುತ್ತಾನೆ.

ಬೆಂಗಳೂರಿನಿಂದ ನಾಲ್ಕು ದಿನ

ಬೆಂಗಳೂರಿನಿಂದ ಕುಕ್ಕೆಗೆ ಸುಮಾರು 280 ಕಿ.ಮೀ. ಬೆಳಿಗ್ಗೆ 6ಕ್ಕೆ ಹೊರಟರೆ 8.15ರ ಹೊತ್ತಿಗೆ ಬೆಳ್ಳೂರು ಕ್ರಾಸ್. ಅಲ್ಲಿ ಮುಕ್ಕಾಲು ಗಂಟೆ ತಿಂಡಿಗೆ ಕೊಟ್ಟರೆ 11.45ಕ್ಕೆ ಸಕಲೇಶಪುರ. ಊಟ ಅಲ್ಲೇ ಮುಗಿಸಿ, ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ತಿರುಗಿದರೆ 2.45ಕ್ಕೆ ಕುಕ್ಕೆ. ಅಲ್ಲಿ ಮಧ್ಯಾಹ್ನ ಸುಮಾರು ಒಂದೂವರೆಗೆ ದರ್ಶನ ನಿಂತು ಮತ್ತೆ ಮೂರೂವರೆಗೆ ಶುರುವಾಗುತ್ತದೆ. ಎಡವುವುದು ಇಲ್ಲೇ. ಬಾಗಿಲು ಹಾಕುವ ಮೊದಲು ಮುಟ್ಟಲೇಬೇಕೆಂದು ಹೊರಟವರು ತಿಂಡಿಯ ಹೊತ್ತನ್ನು ಕತ್ತರಿಸುತ್ತಾರೆ, ಘಾಟಿಯಲ್ಲಿ “ಸ್ವಲ್ಪ ಬೇಗ ಹೋಗಪ್ಪ” ಎನ್ನುತ್ತಾರೆ. ಮುಚ್ಚುವ ಹೊತ್ತಿಗೆ ಓಡಬೇಡಿ, ತೆರೆಯುವ ಹೊತ್ತಿಗೆ ಗುರಿಯಿಡಿ. ರೂಮಿನಲ್ಲಿ ಸ್ನಾನ ಮಾಡಿಕೊಂಡು ಮೂರೂವರೆಯ ಸಾಲಿಗೆ ನಿಂತರೆ ಆಯಿತು.

ದರ್ಶನ ಮುಗಿದ ಮೇಲೆ “ಧರ್ಮಸ್ಥಳ ಬರೀ 55 ಕಿಲೋಮೀಟರ್, ರಾತ್ರಿಗೆ ಅಲ್ಲಿಗೇ ಹೋಗಿಬಿಡೋಣ” ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಐದೂವರೆಗೆ ಹೊರಟರೆ ತಲುಪುವಾಗ ಏಳು ದಾಟಿರುತ್ತದೆ. ಡ್ರೈವರ್ ಪಾಳಿ ಹದಿನಾಲ್ಕು ಗಂಟೆಯಾಯಿತು. ಕುಕ್ಕೆಯಲ್ಲೇ ಉಳಿಯಿರಿ.

ಎರಡನೇ ದಿನ ಬೆಳಿಗ್ಗೆ ಆಶ್ಲೇಷಾ ಬಲಿ ಮಾಡಿಸುವವರು ಮಾಡಿಸಲಿ, ಉಳಿದವರು ಕುಮಾರಧಾರೆಗೆ ಹೋಗಲಿ. ಪ್ರಸಾದದ ಊಟ ಮುಗಿಸಿ ಹನ್ನೆರಡೂವರೆಗೆ ಹೊರಟರೆ ಬೆಳ್ತಂಗಡಿ, ಕಾರ್ಕಳದ ಮೇಲೆ ಸುಮಾರು 160 ಕಿ.ಮೀ.; ಐದೂವರೆಗೆ ಉಡುಪಿ. ದಾರಿಯಲ್ಲಿ ಧರ್ಮಸ್ಥಳದ ಪಕ್ಕದಲ್ಲೇ ಹಾದು ಹೋಗುತ್ತೀರಿ, ಬಸ್ಸಿನಲ್ಲಿ ಗೊಣಗಾಟ ಏಳುತ್ತದೆ. ಮಂಜುನಾಥನನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣ ಇದೆ ಎಂದು ಹೊರಡುವ ಮೊದಲೇ ಹೇಳಿಟ್ಟರೆ ಒಳ್ಳೆಯದು. ಉಡುಪಿ ಕೃಷ್ಣ ರಾತ್ರಿಯವರೆಗೂ ಸಿಗುತ್ತಾನೆ, ಆದ್ದರಿಂದ ಸಂಜೆಗೆ ಅವನೇ ಸರಿ.

ಮೂರನೇ ದಿನವೇ ಕಠಿಣ. ಉಡುಪಿಯಿಂದ 6ಕ್ಕೆ ಬಿಟ್ಟರೆ 8ರ ಸುಮಾರಿಗೆ ಕೊಲ್ಲೂರು. ಮೂಕಾಂಬಿಕೆಯ ದರ್ಶನ, ಮಧ್ಯಾಹ್ನದ ಪ್ರಸಾದ ಮುಗಿಸಿ ಹನ್ನೆರಡೂವರೆಗೆ ಬಂದ ದಾರಿಯಲ್ಲೇ ಉಡುಪಿಗೆ ಇಳಿದು, ಆರರ ಒಳಗೆ ಧರ್ಮಸ್ಥಳ. ಒಟ್ಟು ಸುಮಾರು 255 ಕಿ.ಮೀ. ಧರ್ಮಸ್ಥಳದಲ್ಲಿ ಮಧ್ಯಾಹ್ನ ನಿಲ್ಲುವ ದರ್ಶನ ಸಂಜೆ ಐದರ ಹೊತ್ತಿಗೆ ಮತ್ತೆ ಶುರುವಾಗುವುದರಿಂದ ಹೊತ್ತು ಸರಿಹೋಗುತ್ತದೆ. ಗಂಡಸರು ಅಂಗಿ, ಬನಿಯನ್ ತೆಗೆದೇ ಒಳಹೋಗಬೇಕು. ಶಲ್ಯ ಕೈಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಯಲ್ಲಲ್ಲ.

ಈ ದಿನದ ಅಪಾಯದ ಹೊತ್ತು ಎರಡರಿಂದ ನಾಲ್ಕು. ಹೊಟ್ಟೆ ತುಂಬ ಊಟ, ಬಿಸಿಲು, ಹಿಂದೆ ಎಲ್ಲರೂ ನಿದ್ದೆ. ಡ್ರೈವರಿಗೆ ಹನ್ನೊಂದೂವರೆಗೇ ಊಟ ಹಾಕಿಸಿ, ಅರ್ಧ ಗಂಟೆ ಮಲಗಲು ಬಿಡಿ. ಮುಂದಿನ ಸೀಟಿನಲ್ಲಿ ಎಚ್ಚರವಾಗಿರುವ ಒಬ್ಬರನ್ನು ಕೂರಿಸಿ. ಮೇಲಿಂದ ಮೇಲೆ ಆಕಳಿಕೆ, ಕಣ್ಣುಜ್ಜುವುದು, ಬಸ್ಸು ಮೆಲ್ಲಗೆ ರಸ್ತೆಯ ಅಂಚಿಗೆ ಜಾರಿ ಗಕ್ಕನೆ ಮಧ್ಯಕ್ಕೆ ಬರುವುದು, ತಿರುಗಬೇಕಾದಲ್ಲಿ ಮುಂದೆ ಹೋಗಿಬಿಡುವುದು: ಇವುಗಳಲ್ಲಿ ಒಂದು ಕಂಡರೂ ಬಸ್ ನಿಲ್ಲಿಸಿಸಿ. ಚಹಾ ಕುಡಿಸಿ ಮುಂದೆ ಕಳಿಸುವುದಲ್ಲ, ಇಪ್ಪತ್ತು ನಿಮಿಷ ಮಲಗಿಸುವುದು.

ನಾಲ್ಕನೇ ದಿನ ಧರ್ಮಸ್ಥಳದಿಂದ ಬೆಂಗಳೂರಿಗೆ 300 ಕಿ.ಮೀ. ಏಳಕ್ಕೆ ಹೊರಟರೆ ಸಂಜೆ ಐದರೊಳಗೆ ಮನೆ. ಮಂಜುನಾಥನನ್ನು ಕೊನೆಗಿಟ್ಟದ್ದು ಇದಕ್ಕೇ: ಉಡುಪಿಯಿಂದ ನೇರ ಬೆಂಗಳೂರಿಗೆ ಸುಮಾರು 400 ಕಿ.ಮೀ., ಕೊಲ್ಲೂರಿನಿಂದ ಇನ್ನೂ ಹೆಚ್ಚು. ಒಬ್ಬ ಡ್ರೈವರಿಗೆ ಅದು ಒಂದು ಹಗಲಿನ ದಾರಿಯಲ್ಲ.

ಬಾಡಿಗೆ ಮಾತಾಡುವಾಗ

ಪ್ರವಾಸಿ ಬಸ್ಸಿನವರು ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದು ಹಣ ಹಿಡಿಯುತ್ತಾರೆ. 300 ಎಂದರೆ ನಾಲ್ಕು ದಿನಕ್ಕೆ 1200. ನಿಮ್ಮ ದಾರಿ ಸುಮಾರು 1000. “ದುಡ್ಡು ಕೊಟ್ಟಾಗಿದೆ, ಉಳಿದ ಇನ್ನೂರರಲ್ಲಿ ಹೊರನಾಡೂ ನೋಡೋಣ” ಎಂಬ ಆಸೆ ಹುಟ್ಟುವುದು ಇಲ್ಲಿಂದ. ಆ ಇನ್ನೂರು ಘಾಟಿಯ ಇನ್ನೂರು, ಇನ್ನೊಂದು ಪೂರ್ತಿ ದಿನ. ಜೊತೆಗೆ ಅನೇಕರು ದಿನವನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಾರೆ. ಲಾಡ್ಜ್ ಖರ್ಚು ಉಳಿಸಲು ರಾತ್ರಿ ಹತ್ತಕ್ಕೆ ಹೊರಟರೆ ಎರಡೇ ಗಂಟೆಗೆ ಒಂದು ದಿನದ ಬಾಡಿಗೆ ಬೀಳುತ್ತದೆ, ಡ್ರೈವರ್ ಶಿರಾಡಿ ಇಳಿಯುವುದು ನಿದ್ದೆ ಅತಿ ಹೆಚ್ಚು ಎಳೆಯುವ ನಸುಕಿನಲ್ಲಿ.

ದಿನದ ಎಣಿಕೆ, ಕಿ.ಮೀ. ಗ್ಯಾರೇಜಿನಿಂದಲೋ ನಿಮ್ಮ ಬೀದಿಯಿಂದಲೋ, ಬಾಟಾ, ಟೋಲ್, ಪಾರ್ಕಿಂಗ್ ಯಾರದು ಎಂಬುದನ್ನೆಲ್ಲ ಬರೆಸಿಕೊಳ್ಳಿ. ಹಿಂದಿನ ರಾತ್ರಿ ಬೇರೆ ಟ್ರಿಪ್ ಮುಗಿಸಿ ಬಂದ ಡ್ರೈವರನ್ನು ಕಳಿಸಬಾರದು ಎಂಬ ಸಾಲೂ ಅದರಲ್ಲಿರಲಿ. ಪ್ರತಿ ರಾತ್ರಿ ಡ್ರೈವರ್, ಕ್ಲೀನರ್ ಇಬ್ಬರಿಗೂ ಹಾಸಿಗೆಯಿರುವ ರೂಮನ್ನು ನಿಮ್ಮ ಲೆಕ್ಕದಲ್ಲೇ ಹಿಡಿಯಿರಿ. ಕರಾವಳಿಯ ಸೆಕೆಯಲ್ಲಿ, ಸೊಳ್ಳೆಯ ನಡುವೆ ಬಸ್ಸಿನ ಸೀಟಿನ ಮೇಲೆ ಒರಗುವುದನ್ನು ಒಂಬತ್ತು ಗಂಟೆಯ ವಿಶ್ರಾಂತಿ ಎನ್ನಲಾಗದು.

ಹೊರಡುವ ಮೂರು ದಿನ ಮುಂಚೆ

ನಾಲ್ಕೂ ದೇವಸ್ಥಾನಗಳ ಕಚೇರಿಗೆ ಫೋನ್ ಮಾಡಿ ಆ ದಿನದ ದರ್ಶನದ ಹೊತ್ತನ್ನು ಕೇಳಿ. ಗ್ರಹಣ, ಕುಕ್ಕೆಯ ಚಂಪಾಷಷ್ಠಿ, ಧರ್ಮಸ್ಥಳದ ಲಕ್ಷದೀಪೋತ್ಸವ, ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಪರ್ಯಾಯ ಇದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಮಳೆಗಾಲವಾದರೆ ಶಿರಾಡಿ ತೆರೆದಿದೆಯೇ ಎಂದು ಸಕಲೇಶಪುರದ ಕಡೆಯವರನ್ನು ವಿಚಾರಿಸಿ. ಮಣ್ಣು ಕುಸಿದು ರಸ್ತೆ ಮುಚ್ಚಿದರೆ ಚಾರ್ಮಾಡಿ, ಆಗುಂಬೆ ಇದ್ದೇ ಇವೆ ಎಂದು ನಂಬಿ ಹೊರಡಬೇಡಿ. ಆ ತಿರುವುಗಳಲ್ಲಿ ದೊಡ್ಡ ಬಸ್ಸಿಗೆ ಆಗಾಗ ನಿರ್ಬಂಧ ಬೀಳುತ್ತದೆ. ಅಂಥ ವಾರದಲ್ಲಿ ಯಾತ್ರೆಯನ್ನು ಮುಂದೂಡುವುದೇ ಸರಿ. ಅದಕ್ಕೇ ಮುಂಗಡ ಕೊಡುವಾಗಲೇ, ರಸ್ತೆ ಬಂದ್ ಆದರೆ ದಿನಾಂಕ ಬದಲಿಸಲು ದಂಡ ಹಾಕುವುದಿಲ್ಲ ಎಂದು ಬಸ್ಸಿನವರಿಂದ ಬರೆಸಿಕೊಂಡಿರಬೇಕು.