ಹೊರಗೆ ತೇವ 95 ಇದ್ದರೂ ಕಿಟಕಿ ತೆರೆದೆ

ತೀರ್ಥಹಳ್ಳಿ ಕಡೆ ಜುಲೈ ಮಳೆ ಅಂದರೆ ಗೊತ್ತಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ರೇಷ್ಮೆ ಹುಳುಗಳಿಗೆ ಶೇಕಡಾ 70ರ ಆಸುಪಾಸು ತೇವ ಸಾಕು, ನಮ್ಮ ಹುಳು ಮನೆಯಲ್ಲಿ 25 ಡಿಗ್ರಿಗೆ 88 ಇತ್ತು, ಹಾಸಿಗೆಯ ಹಿಕ್ಕೆ ಎಲ್ಲ ಅಂಟಂಟು. ಹೊರಗಿನ ಡಿಎಚ್‌ಟಿ22 ಸೆನ್ಸರ್ 21 ಡಿಗ್ರಿ, 95 ತೇವ ತೋರಿಸಿತು ಅಂತ ಕಿಟಕಿ ಮುಚ್ಚಿಬಿಟ್ಟಿದ್ದೆ.

ತಪ್ಪಾಗಿದ್ದೇ ಅಲ್ಲಿ. ತಣ್ಣನೆ ಗಾಳಿ ಹಿಡಿಯುವ ನೀರೇ ಕಡಿಮೆ ಅಲ್ವಾ? ಲೆಕ್ಕ ಹಾಕಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ಹೊರಗೆ ಸುಮಾರು 17 ಗ್ರಾಂ, ಒಳಗೆ 20. ಹೊರಗಿನ ಗಾಳಿಯೇ ಒಳಗೆ ಬಂದು 25 ಡಿಗ್ರಿಗೆ ಬಿಸಿಯಾದರೆ ತೇವ 75ರ ಹತ್ತಿರ ನಿಲ್ಲುತ್ತದೆ.

ಈಗ ಎಕ್ಸಾಸ್ಟ್ ಫ್ಯಾನ್ ಶೇಕಡಾ ನೋಡಲ್ಲ, ಗ್ರಾಂ ಹೋಲಿಸಿ ಓಡುತ್ತದೆ. 24 ಡಿಗ್ರಿಗಿಂತ ಇಳಿದರೆ ಹೀಟರ್. ಗೋಡೆಯ ಮೇಲೆ ಸುಮ್ನೆ ನೇತಾಡುತ್ತಿದ್ದ ಒಳಗಿನ ಸೆನ್ಸರನ್ನು ಹುಳುಗಳ ಮಟ್ಟಕ್ಕೆ ಇಳಿಸಿದೆ. ಮೂರನೇ ದಿನ ಹಿಕ್ಕೆ ಕೈಯಲ್ಲಿ ಉದುರುದುರು.